ಸರಾಸರಿ ಸರಿಯಿದೆಯೇ? ಮೂರು ಬಾಯಿಲೆಕ್ಕಗಳ ಹೋಲಿಕೆ

ಡೈರಿಗೆ ಹಾಕಿದ ಹಸುವಿನ ಹಾಲಿನ ಹತ್ತು ದಿನದ ಫ್ಯಾಟ್ ಹೀಗಿದೆ ಎನ್ನಿ: 4.1, 3.8, 4.3, 3.9, 4.0, 4.2, 3.7, 4.4, 3.9, 4.1. ನಿಜವಾದ ಸರಾಸರಿ 4.04. ಇದನ್ನು ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟಿನಲ್ಲೋ ಕ್ಯಾಲ್ಕುಲೇಟರಿನಲ್ಲೋ ಟೈಪ್ ಮಾಡುವಾಗ ಆಗುವ ತಪ್ಪನ್ನು ಯಾವ ಬಾಯಿಲೆಕ್ಕ ಹಿಡಿಯುತ್ತದೆ?

ಮೊದಲನೆಯದು ಗಡಿ ನೋಡುವುದು. ಸರಾಸರಿ ಅತಿ ಚಿಕ್ಕದಾದ 3.7 ಮತ್ತು ಅತಿ ದೊಡ್ಡದಾದ 4.4ರ ನಡುವೆಯೇ ಇರಬೇಕು. 4.3 ಬರೆಯುವಲ್ಲಿ ಚುಕ್ಕೆ ಬಿಟ್ಟು 43 ಆದರೆ ಉತ್ತರ 7.91. ಸ್ಪ್ರೆಡ್‌ಶೀಟಿನಲ್ಲಿ ಕೆಳಗಿನ ಮೊತ್ತದ ಸಾಲೂ ಸರಾಸರಿ ತೆಗೆಯುವ AVERAGE ಸೂತ್ರದೊಳಗೆ ಸೇರಿದರೆ 7.35. ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಎಲ್ಲ ಕೂಡಿಸಿ, = ಒತ್ತದೆ ÷10 ಹೊಡೆದರೆ ಕೊನೆಯ 4.1 ಮಾತ್ರ ಭಾಗವಾಗಿ 36.71 ಬರುತ್ತದೆ. ಮೂರೂ ನೋಡಿದೊಡನೆ ಸಿಕ್ಕಿಬೀಳುತ್ತವೆ. ಆದರೆ 4.3 ಬದಲು 3.4 ಹೊಡೆದರೆ ಉತ್ತರ 3.95, ಗಡಿಯೊಳಗೇ ಇದೆ, ಸಂಶಯವೇ ಬರುವುದಿಲ್ಲ.

ಎರಡನೆಯದು ಚಿಕ್ಕದು, ದೊಡ್ಡದು ಕೂಡಿಸಿ ಅರ್ಧ ಮಾಡುವುದು. ಇಲ್ಲಿ 4.05 ಬಂದು ಚೆನ್ನಾಗಿಯೇ ಕಾಣುತ್ತದೆ, ಆದರೆ ಅದು ಅದೃಷ್ಟ. ಒಂದು ದಿನ ಎಮ್ಮೆ ಹಾಲು ಬೆರೆತು 4.4ರ ಜಾಗದಲ್ಲಿ 6.4 ಬಂದಿದ್ದರೆ ಅಂದಾಜು 5.05, ನಿಜ 4.24. ಇದನ್ನು ನಂಬಿದರೆ ಸರಿಯಾದ ಉತ್ತರವನ್ನೇ ತಪ್ಪೆನ್ನಬೇಕಾಗುತ್ತದೆ. ನಾವು ಇದನ್ನು ಬಳಸುವುದಿಲ್ಲ.

ಮೂರನೆಯದು ಊಹಿತ ಸರಾಸರಿ. ಶಾಲೆಯಲ್ಲಿ ಕಲಿತದ್ದೇ, ಪರೀಕ್ಷೆ ಮುಗಿದ ಮೇಲೆ ಮರೆತದ್ದು. 4.0 ಎಂದು ಹಿಡಿದುಕೊಂಡು, ಮೂಲ ಚೀಟಿ ನೋಡುತ್ತಾ ಪ್ರತಿಯೊಂದೂ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಹತ್ತನೇ ಭಾಗದಲ್ಲಿ ಎಣಿಸಿ: +1, −2, +3, −1, 0, +2, −3, +4, −1, +1. ಒಟ್ಟು +4. ಹತ್ತು ದಿನಕ್ಕೆ ಹಂಚಿದರೆ 0.04, ಅಂದರೆ 4.04. ಪರದೆಯಲ್ಲಿ 3.95 ಇದ್ದರೆ ವ್ಯತ್ಯಾಸ 0.09, ಹತ್ತರಿಂದ ಗುಣಿಸಿದರೆ ಮೊತ್ತದಲ್ಲಿ 0.9 ಕಡಿಮೆ. ಚುಕ್ಕೆ ಮರೆತು ನೋಡಿದರೆ 9. ಎರಡು ಅಂಕಿ ಅದಲುಬದಲಾದಾಗ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ಇಲ್ಲಿ ಒಂದೇ ಒಂಬತ್ತು, ಆದ್ದರಿಂದ ಅಂಕಿಗಳ ಅಂತರ ಒಂದೇ ಇರುವ 4.3ರಂಥದ್ದನ್ನು ಮೊದಲು ನೋಡಿ. ವ್ಯತ್ಯಾಸ ಒಂಬತ್ತರಲ್ಲಿ ಭಾಗವಾಗದಿದ್ದರೆ ಬರೀ ಅದಲುಬದಲೊಂದೇ ಕಾರಣವಲ್ಲ, ಬೇರೆ ತಪ್ಪು ಹುಡುಕಿ. ಮೂಲ ಚೀಟಿಯಿಂದಲೇ ಎಣಿಸುವುದು ಮುಖ್ಯ. ಪರದೆ ನೋಡಿ ಎಣಿಸಿದರೆ ತಪ್ಪೂ ಲೆಕ್ಕಕ್ಕೆ ಸೇರಿ ಎರಡೂ ತಾಳೆಯಾಗುತ್ತವೆ.

ಈ ಮೂರಕ್ಕೂ ಸಿಗದ ತಪ್ಪೊಂದಿದೆ. 4.0ದ ಸೊನ್ನೆ ಬದಲು ಇಂಗ್ಲಿಷ್ ಓ ಅಕ್ಷರ ಬಿದ್ದರೆ ಆ ಕೋಶ ಪಠ್ಯವಾಗುತ್ತದೆ, AVERAGE ಅದನ್ನು ಬಿಟ್ಟು ಒಂಬತ್ತರಿಂದ ಭಾಗಿಸುತ್ತದೆ. 36.4 ಭಾಗ 9, ಎರಡು ದಶಮಾಂಶಕ್ಕೆ ಮತ್ತೆ 4.04! ಇದಕ್ಕೆ ಅಂದಾಜು ಸಾಲದು, ಎಣಿಕೆಯೇ ಬೇಕು. ಹತ್ತು ದಿನದ ಅಂಕಿ B2ರಿಂದ B11ರವರೆಗೆ ಇದ್ದರೆ:

```
=COUNT(B2:B11)
```

10 ಬರಬೇಕು. 9 ಬಂದರೆ ಕೋಶದ ಎಡಕ್ಕೆ ಅಂಟಿಕೊಂಡ ನಮೂದನ್ನು ಹುಡುಕಿ. ನೀವು ಜೋಡಣೆ ಬದಲಿಸಿರದಿದ್ದರೆ ಸಂಖ್ಯೆಗಳು ಬಲಕ್ಕೆ, ಪಠ್ಯ ಎಡಕ್ಕೆ ನಿಲ್ಲುತ್ತದೆ.