ಚಿಕ್ಕಿಗೆ ಬರೆದದ್ದು: ನಾಲ್ಕು ಬಗೆಯ ಕಾಯಿ, ಒಂದು ಹುಣಸೆ, ಇಲ್ಲದ ಕರಿಬೇವು

ಆಖೆನ್, ಜನವರಿ, ಭಾನುವಾರ

ಪ್ರೀತಿಯ ಚಿಕ್ಕಿ,

ಮೊನ್ನೆ ಫೋನಿನಲ್ಲಿ ನೀನು "ಅಲ್ಲಿ ಕಾಯಿ ಸಿಗ್ತಾ? ಎಂತ ಹಾಕಿ ತಂಬ್ಳಿ ಮಾಡ್ತೆ?" ಎಂದು ಕೇಳಿದಾಗ ಬಸ್ಸು ಬಂತು, ಇಟ್ಟುಬಿಟ್ಟೆ. ಉತ್ತರ ಎರಡು ನಿಮಿಷದಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಪತ್ರ. ಮೊದಲೇ ಹೇಳಿಬಿಡುತ್ತೇನೆ: ನಾಲ್ಕು ತಿಂಗಳಲ್ಲಿ ನಾಲ್ಕು ಬಗೆಯ ಕಾಯಿ ಕೊಂಡು ನೋಡಿ ಈಗ ನಾನು ಫ್ರೀಜರಿನ ಕಾಯಿತುರಿಯ ಪಕ್ಷ. ಹುಣಸೆಹಣ್ಣಿನದು ದೊಡ್ಡ ರಗಳೆಯಲ್ಲ. ಕರಿಬೇವಿನ ವಿಷಯದಲ್ಲಿ ಸೋತಿದ್ದೇನೆ, ಅದನ್ನು ನಿನ್ನ ಹತ್ತಿರವೇ ಕೇಳಬೇಕು.

ಮೊದಲು ಕೊಂಡದ್ದು ಇಡೀ ಕಾಯಿ. ಶಿರಸಿ ಕಡೆಯವರಿಗೆ ಬೇರೇನು ತೋಚುತ್ತದೆ? ಅಂಗಡಿಯಲ್ಲಿ ಬಾಳೆಹಣ್ಣಿನ ಪಕ್ಕ ಬುಟ್ಟಿಯಲ್ಲಿ ಇಟ್ಟಿರುತ್ತಾರೆ, ಒಂದಕ್ಕೆ 2 ಯೂರೋ ಹತ್ತಿರ. ಒಂದು ನಾರೂ ಬಿಡದೆ ಬೋಳಿಸಿರುವುದರಿಂದ ಮೂರು ಕಣ್ಣೂ ಬಯಲಿಗೆ ಬಿದ್ದಿರುತ್ತವೆ. ಅಪ್ಪ ಕಾಯಿ ಸುಲಿಯುವಾಗ ಜುಟ್ಟು ಯಾಕೆ ಬಿಡುತ್ತಿದ್ದ ಎನ್ನುವುದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಮೂರು ಸಲ ಮೂರು ಕಾಯಿ ತಂದೆ. ಮೊದಲನೆಯದು ಚೆನ್ನಾಗಿತ್ತು. ಎರಡನೆಯದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ನೀರಿನ ಸದ್ದೇ ಇರಲಿಲ್ಲ, ಆದರೂ ಆಸೆಗೆ ತಂದೆ. ಒಡೆದರೆ ತಿರುಳು ಹಳದಿ, ಸಾಬೂನಿನ ವಾಸನೆ. ಮೂರನೆಯದರಲ್ಲಿ ನೀರು ಗುಳುಗುಳು ಎನ್ನುತ್ತಿತ್ತು, ಆದರೆ ಕಣ್ಣಿನ ಕೆಳಗೆ ಒಳಗಿನಿಂದ ಬೂಷ್ಟು. ಅಂದರೆ ಒಂದು ಒಳ್ಳೆಯ ಕಾಯಿಗೆ ನನಗೆ 6 ಯೂರೋ ಬಿತ್ತು. ಕತ್ತಿಯೂ ಇಲ್ಲ, ಹೆರೆಮಣೆಯೂ ಇಲ್ಲ. ಸುತ್ತಿಗೆಯಲ್ಲಿ ಒಡೆದು, ಚಾಕುವಿನಲ್ಲಿ ಕೆತ್ತಿ, ಹೆಬ್ಬೆರಳು ಕುಯ್ದುಕೊಂಡು ಆ ಅಧ್ಯಾಯ ಮುಗಿಸಿದೆ.

ಡಬ್ಬಿಯ ಕಾಯಿಹಾಲು ಪಾಯಸಕ್ಕೆ ಅಡ್ಡಿಯಿಲ್ಲ. ತಂಬುಳಿ, ಸಾಸಿವೆ, ಹುಳಿ ಇವಕ್ಕೆ ಅದು ಆಗುವುದಿಲ್ಲ. ನಮ್ಮ ಅಡುಗೆಗೆ ಮಂದ ಬರುವುದು ಅರೆದ ಕಾಯಿಯ ನಾರಿನಿಂದಲೂ ಹೌದು. ಹಾಲಿನಲ್ಲಿ ಆ ನಾರೇ ಇಲ್ಲ, ಬರೀ ಜಿಡ್ಡು ಮೇಲೆ ತೇಲುತ್ತದೆ.

ಇನ್ನು ಒಣತುರಿ. ಇಲ್ಲಿ ಕೇಕಿಗೆ ಹಾಕಲು ಎಲ್ಲ ಅಂಗಡಿಯಲ್ಲೂ ಇಟ್ಟಿರುತ್ತಾರೆ, 200 ಗ್ರಾಂ ಪೊಟ್ಟಣಕ್ಕೆ ನಾನು ಕೊಟ್ಟದ್ದು 1 ಯೂರೋ 30 ಸೆಂಟ್. ಲೆಕ್ಕ ಹಾಕಿದರೆ ಇದರಷ್ಟು ಅಗ್ಗ ಬೇರೆ ಯಾವುದೂ ಇಲ್ಲ. ಹಸಿ ಕಾಯಿಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಒಣತುರಿಯಲ್ಲಿ ನೀರು ನೂರಕ್ಕೆ ಮೂರರಷ್ಟು. ಹಾಗಾಗಿ 55 ಗ್ರಾಂ ಒಣತುರಿಗೆ 45 ಗ್ರಾಂ ನೀರು ಸೇರಿಸಿದರೆ 100 ಗ್ರಾಂ ಹಸಿ ಕಾಯಿಗೆ ಸಮ ಆಗಬೇಕು. ತಕ್ಕಡಿಯಲ್ಲಿ ಆಗುತ್ತದೆ, ನಾಲಿಗೆಯಲ್ಲಿ ಆಗುವುದಿಲ್ಲ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದೆ, ಒಂದು ತಾಸು ನೆನೆಸಿದೆ, ಒಂದು ಸಲ ರಾತ್ರಿಯಿಡೀ ನೆನೆಸಿದೆ. ಎಷ್ಟು ಅರೆದರೂ ಹಲ್ಲಿನ ಸಂದಿಯಲ್ಲಿ ಮರಳು ಸಿಕ್ಕಿದ ಹಾಗೆ. ಒಮ್ಮೆ ಒಣಗಿದ ನಾರು ಮತ್ತೆ ಮೆತ್ತಗಾಗುವುದೇ ಇಲ್ಲ. ಆದರೆ ಹುರಿದು ಅರೆಯುವ ಮಸಾಲೆಗೆ, ಚಟ್ನಿಪುಡಿಗೆ ಇದೇ ಒಳ್ಳೆಯದು. ಹೇಗೂ ನಾವೇ ಬಾಣಲೆಯಲ್ಲಿ ಅದರ ನೀರು ತೆಗೆಯುವವರಲ್ಲವಾ. ಕೊಳ್ಳುವಾಗ ಸಕ್ಕರೆ ಹಾಕಿದ್ದಾ ಎಂದು ಪೊಟ್ಟಣದ ಹಿಂದೆ ಓದಬೇಕು. ನಾನು ಒಮ್ಮೆ ಓದಲಿಲ್ಲ. ಆ ದಿನದ ಬೀನ್ಸ್ ಪಲ್ಯವನ್ನು ರೂಮಿನವಳು ಹೊಗಳಿಕೊಂಡು ತಿಂದಳು, ನಾನು ತಿನ್ನಲಿಲ್ಲ.

ಈಗ ಫ್ರೀಜರಿನ ಕಾಯಿತುರಿ. ಏಷ್ಯಾದವರ ಅಂಗಡಿಯಲ್ಲಿ ಸಿಗುತ್ತದೆ, 400 ಗ್ರಾಮಿಗೆ ಮೂರೂವರೆ ಯೂರೋ. ಹಸಿ ಕಾಯಿಯ ಲೆಕ್ಕದಲ್ಲಿ ಒಣತುರಿಯ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಆದರೂ ಇದು ಹಸಿ ಕಾಯಿಯೇ, ಹೆರೆದು ಕೂಡಲೇ ಗಡ್ಡೆ ಕಟ್ಟಿಸಿದ್ದು ಅಷ್ಟೆ. ಪೊಟ್ಟಣ ತಂದ ದಿನ ಹತ್ತು ನಿಮಿಷ ಹೊರಗಿಟ್ಟು, ಅರೆಗಟ್ಟಿಯಾಗಿರುವಾಗಲೇ ಚಾಕುವಿನಲ್ಲಿ ಎಂಟು ತುಂಡು ಮಾಡಿ, ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ ಹಾಕಿ ಮತ್ತೆ ಒಳಗಿಡುತ್ತೇನೆ. ಒಂದು ತುಂಡು ಅಂದರೆ 50 ಗ್ರಾಂ, ನನ್ನೊಬ್ಬಳ ತಂಬುಳಿಗೆ ಸರಿ. ಪೂರ್ತಿ ಕರಗಿದ್ದನ್ನು ಮತ್ತೆ ಗಡ್ಡೆ ಕಟ್ಟಿಸುವ ಹಾಗಿಲ್ಲ. ಮುಚ್ಚಳ ಬಿಗಿ ಇಲ್ಲದಿದ್ದರೆ ಪಕ್ಕದವರ ಮೀನಿನ ವಾಸನೆಯೆಲ್ಲ ಕಾಯಿಗೆ.

ಇಷ್ಟು ಒಳ್ಳೆಯ ಕಾಯಿ ಸಿಕ್ಕ ಮೇಲೂ ಮೂರು ವಾರ ನನ್ನ ತಂಬುಳಿ ಹಾಳಾಗುತ್ತಲೇ ಇತ್ತು ಚಿಕ್ಕಿ. ನೀನು ಹೇಳಿಕೊಟ್ಟ ಹಾಗೆಯೇ ಅರ್ಧ ಚಮಚ ಮೆಂತೆ, ಸ್ವಲ್ಪ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿ ಜೊತೆ ಅರೆದು, ಮೊಸರು ಕಡೆದು ಹಾಕಿದೆ. ನೋಡಲಿಕ್ಕೆ ಸರಿಯಾಗಿಯೇ ಇತ್ತು. ಬಾಯಿಗಿಟ್ಟರೆ ಸಣ್ಣ ಸಣ್ಣ ಕಾಳು, ಅಂಗುಳಕ್ಕೆ ಮೇಣ ಮೆತ್ತಿದ ಹಾಗೆ. ಬ್ಲೆಂಡರಿನ ಬ್ಲೇಡು ಮೊಂಡಾಗಿದೆ ಎಂದುಕೊಂಡು 40 ಯೂರೋ ಕೊಟ್ಟು ಹೊಸದು ತಂದೆ. ಮತ್ತೆ ಅದೇ ಮೇಣ. ಮೊಸರು ಬದಲಾಯಿಸಿದೆ, ಮೆಂತೆ ಬಿಟ್ಟೆ, ಬಟ್ಟೆಯಲ್ಲಿ ಸೋಸಿದೆ. ಸೋಸಿದ ಮೇಲೆ ಸ್ವಲ್ಪ ಹೊತ್ತು ನುಣ್ಣಗಿತ್ತು, ಊಟಕ್ಕೆ ಕೂರುವಷ್ಟರಲ್ಲಿ ಮತ್ತೆ ಕಾಳು. ಸೋಸಿದ್ದರಲ್ಲಿ ಕಾಳು ಎಲ್ಲಿಂದ ಬಂತು?

ಉತ್ತರ ಸಿಕ್ಕಿದ್ದು ಸ್ನಾನದ ಮನೆಯಲ್ಲಿ. ತಲೆಗೆ ಹಚ್ಚುವ ಎಣ್ಣೆ ಬಾಟಲಿಯಲ್ಲಿ ಬಿಳಿ ಕಲ್ಲಾಗಿ ಕೂತಿತ್ತು. ಮಾಗಿಯಲ್ಲಿ ನೀನು ಎಣ್ಣೆಯನ್ನು ಅಂಗಳದ ಬಿಸಿಲಿಗಿಡುತ್ತಿದ್ದೆಯಲ್ಲ, ಅದೇ ಕಥೆ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನನ್ನ ಅಡುಗೆಮನೆ ಈಗ 18 ಡಿಗ್ರಿ, ಮೊಸರು ಫ್ರಿಜ್ಜಿನಿಂದ ತೆಗೆದದ್ದು 5 ಡಿಗ್ರಿ, ಕಾಯಿಯಂತೂ ಬರ್ಫ. ಕಾಯಿಯ ತೂಕದ ಮೂರನೇ ಒಂದು ಪಾಲು ಎಣ್ಣೆಯೇ. ಅರೆಯುವಾಗ ಹೊರಬಿದ್ದ ಎಣ್ಣೆ ತಣ್ಣನೆಯ ಮೊಸರು ತಾಗಿದ ಕೂಡಲೇ ಹೆಪ್ಪುಗಟ್ಟಿ ಕಾಳಾಗುತ್ತಿತ್ತು. ಬ್ಲೆಂಡರಿನ ತಪ್ಪೇನೂ ಇರಲಿಲ್ಲ.

ಯಾವ ಕಾಳು ಎಂದು ಈಗ ಬೆರಳಲ್ಲೇ ನೋಡುತ್ತೇನೆ. ಚಮಚದ ಹಿಂಬದಿಗೆ ಹತ್ತಿದ ತಂಬುಳಿಯನ್ನು ಎರಡು ಬೆರಳಿನ ನಡುವೆ ಉಜ್ಜಬೇಕು. ಬೆರಳಿನ ಬಿಸಿಗೆ ಕರಗಿ ಜಿಡ್ಡಾದರೆ ಅದು ಎಣ್ಣೆ, ಇನ್ನಷ್ಟು ಅರೆದು ಪ್ರಯೋಜನವಿಲ್ಲ. ಕರಗದೆ ಚರಚರ ಎಂದರೆ ಅದು ನಾರು, ಅರೆದದ್ದು ಸಾಲಲಿಲ್ಲ ಎಂದರ್ಥ.

ಹಾಗಾಗಿ ಈಗಿನ ಕ್ರಮ ಹೀಗೆ. ಊಟಕ್ಕೆ ಒಂದು ತಾಸು ಮೊದಲೇ ಮೊಸರು ಹೊರಗೆ. ಕಾಯಿಯ ತುಂಡಿನ ಮೇಲೆ ಮುಕ್ಕಾಲು ಲೋಟ ಬಿಸಿನೀರು ಹಾಕುತ್ತೇನೆ; ಬೆರಳು ಅದ್ದಿದರೆ ತಡೆಯಲಾರದಷ್ಟು ಬಿಸಿ, ಕುದಿಯುವ ನೀರಲ್ಲ. ಐದು ನಿಮಿಷ ಬಿಟ್ಟು, ಆ ನೀರಿನ ಸಮೇತ ಎರಡು ನಿಮಿಷ ಅರೆದು, ಉಗುರುಬೆಚ್ಚಗಿರುವಾಗಲೇ ಮೊಸರಿಗೆ ಬೆರೆಸುತ್ತೇನೆ. ಜಾಸ್ತಿ ಬಿಸಿಯಿದ್ದರೆ ಮೊಸರು ಒಡೆಯುತ್ತದೆ, ಒಮ್ಮೆ ಒಡೆದಿದೆ. ನುಣ್ಣಗೆ, ನಮ್ಮ ಮನೆಯದೇ ಅನ್ನಿಸುವ ಹಾಗೆ ಬರುತ್ತದೆ. ಮಿಕ್ಕದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಮತ್ತೆ ಕಾಳು, ಅದಕ್ಕೇ ಒಂದು ಹೊತ್ತಿಗೆ ಬೇಕಾದಷ್ಟೇ ಮಾಡುವುದು. ಒಬ್ಬಳೇ ಇರುವವಳಿಗೆ ಅದೇನೂ ಕಷ್ಟವಲ್ಲ. ವಾರಕ್ಕೆ ಮೂರು ಸಲ ತಂಬುಳಿ ಎಂದರೂ ಒಂದು ಪೊಟ್ಟಣ ಎರಡು ವಾರ ದಾಟುತ್ತದೆ. ಅದೇ ಮೂರೂವರೆ ಯೂರೋಗೆ ಇಲ್ಲಿ ಒಂದು ಲೋಟ ಕಾಫಿ ಕುಡಿಯುವವರಿದ್ದಾರೆ.

ಹುಣಸೆಹಣ್ಣು ಅದೇ ಅಂಗಡಿಯಲ್ಲಿ ಅಚ್ಚಿನಲ್ಲಿ ಒತ್ತಿದ ಇಟ್ಟಿಗೆಯ ಹಾಗೆ ಸಿಗುತ್ತದೆ, ಅದನ್ನೇ ಕೊಳ್ಳುವುದು. ಬಾಟಲಿಯ ಕರಿ ರಸವನ್ನೂ ತಂದು ನೋಡಿದೆ. ಕಾಲು ಚಮಚ ಹಾಕಿದರೆ ಹುಳಿ ಸರಿಹೋಗುತ್ತದೆ, ಗೊಜ್ಜಿನ ಬಣ್ಣ ಮಾತ್ರ ಡಾಂಬರು, ಬೆಲ್ಲ ಸೀದ ವಾಸನೆ. ಸಿಪ್ಪೆಯ ಸಮೇತ ಚಂದದ ಪೆಟ್ಟಿಗೆಯಲ್ಲಿ ಬರುವ ಥಾಯ್ ಹುಣಸೆ ಸಿಹಿ, ಬಾಯಿಗೆ ಹಾಕಿಕೊಳ್ಳಲಿಕ್ಕೆ ಇರುವಂಥದ್ದು. ಅದರಲ್ಲಿ ಸಾರು ಮಾಡಿದ ದಿನದ ಸುದ್ದಿ ಬೇಡ. ಲಿಂಬೆಹುಳಿಯಾದರೆ ಒಲೆ ಆರಿಸಿದ ಮೇಲೆ ಹಿಂಡಬೇಕು, ಕುದಿಸಿದರೆ ಕಹಿ.

ಇನ್ನು ಕರಿಬೇವು. ಆಯಿ ಬರುವಾಗ ಒಂದು ಕಟ್ಟು ತರುತ್ತಾಳೆ ಎಂದು ನೀನು ಹೇಳಿದ್ದೀಯಲ್ಲ, ದಯವಿಟ್ಟು ಬೇಡ. 2019ರ ಡಿಸೆಂಬರಿನಿಂದ ಯುರೋಪಿನ ಒಕ್ಕೂಟದೊಳಗೆ ಹೊರದೇಶದ ಹಸಿ ಸೊಪ್ಪು, ಹಣ್ಣು, ಗಿಡ ಏನೇ ತಂದರೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವುದು ಐದು ಹಣ್ಣಿಗೆ ಮಾತ್ರ: ಅನಾನಸು, ಬಾಳೆ, ಖರ್ಜೂರ, ಡುರಿಯನ್, ಮತ್ತೆ ನೋಡು, ತೆಂಗಿನಕಾಯಿ! ಕರಿಬೇವು ಲಿಂಬೆ-ಕಿತ್ತಳೆಯ ಕುಲದ್ದು. ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಜಿಗಿಹುಳ ಅದರ ಮೇಲೂ ಕೂರುತ್ತದೆ. ನನ್ನ ಜೊತೆ ಓದುವವಳ ಅಮ್ಮನ ಚೀಲದಿಂದ ಎರಡು ಕಟ್ಟು ತೆಗೆದು ಕಸಕ್ಕೆ ಹಾಕಿದರಂತೆ. ಹಾಗೆಂದು ಕಾಯಿಗೆ ಬದಲು ಕೊಬ್ಬರಿ ಕಳಿಸಬೇಡ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ಸರಕೆಂದು ವಿಮಾನದಲ್ಲಿ ಬಿಡುವುದಿಲ್ಲ.

ಇಲ್ಲಿ ಒಣ ಕರಿಬೇವು ಸಿಗುತ್ತದೆ, ಹುಲ್ಲು. ದಾಲ್ಚಿನ್ನಿ ಎಲೆ ಹಾಕಿದರೆ ಪಲಾವಿನ ಪರಿಮಳ, ಥಾಯ್ ಲಿಂಬೆ ಎಲೆ ಹಾಕಿದರೆ ಊಟವೇ ಬೇರೆ ದೇಶಕ್ಕೆ ಹೋಗುತ್ತದೆ. ತಿಂಗಳಿಗೊಮ್ಮೆ ಅಂಗಡಿಗೆ ಹಸಿಯದು ಬಂದರೆ 3 ಯೂರೋ ಕೊಟ್ಟು ಸಣ್ಣ ಪೊಟ್ಟಣ ತರುತ್ತೇನೆ. ತೊಳೆದು, ನೀರಿನ ಪಸೆ ಪೂರ್ತಿ ಆರಿದ ಮೇಲೆ ಫ್ರೀಜರಿನಲ್ಲಿಟ್ಟು, ಬೇಕಾದಾಗ ಕರಗಿಸದೆ ನೇರ ಒಗ್ಗರಣೆಗೆ. ಬಣ್ಣ ಕಪ್ಪಾದರೂ ಘಮ ಮುಕ್ಕಾಲು ಪಾಲು ಉಳಿದಿರುತ್ತದೆ. ಅದೂ ಇಲ್ಲದ ದಿನ ಬರೀ ಸಾಸಿವೆ, ಇಂಗು, ಒಣಮೆಣಸು. ಬದಲಿ ಎಲೆ ಹಾಕುವುದಕ್ಕಿಂತ ಬಿಡುವುದೇ ವಾಸಿ ಎನ್ನುವ ತೀರ್ಮಾನಕ್ಕೆ ಬಂದಿದ್ದೇನೆ, ಆದರೆ ಮಜ್ಜಿಗೆಹುಳಿಗೆ ಮಾತ್ರ ಮನಸ್ಸು ಒಪ್ಪುವುದಿಲ್ಲ. ಒಂದು ವರ್ಷ ಬಾವಿಕಟ್ಟೆಯ ಹತ್ತಿರದ ಗಿಡವನ್ನು ಹುಳ ತಿಂದು ಬೋಳಾಗಿತ್ತಲ್ಲ, ಆಗ ನೀನು ಒಗ್ಗರಣೆಗೆ ಎಂತ ಹಾಕುತ್ತಿದ್ದೆ? ಅಮ್ಮಮ್ಮನಿಗೂ ಕೇಳಿ ನೋಡು.

ಆಯಿಯ ಚೀಲದಲ್ಲಿ ಜಾಗ ಇದ್ದರೆ ಒಣಗಿಸಿದ ಮುರುಗಲ ಸಿಪ್ಪೆ ಕಾಲು ಕಿಲೋ ಕಳಿಸು. ಉಪ್ಪು ಹಾಕದ್ದು. ಹೋದ ಸಲದ್ದು ಉಪ್ಪಿನದಾಗಿತ್ತು, ಸಾರಿಗೆ ನಾನು ಮತ್ತೆ ಉಪ್ಪು ಹಾಕಿಬಿಟ್ಟಿದ್ದೆ.

ನಿನ್ನ ಮಗಳು