ನಾಲ್ಕು ವರ್ಷ ಯೂಟ್ಯೂಬ್ ಸ್ಟುಡಿಯೋ ಬಳಸಿದ ಮೇಲೆ: ಟ್ಯಾಗ್ ತುಂಬಿಸಿದ್ದು, ಆಮೇಲೆ ತೆಗೆದದ್ದು

ಉಡುಪಿಯಲ್ಲಿ ನಮ್ಮ ಮನೆ. ಅಮ್ಮ ಅಡುಗೆ ಮಾಡುತ್ತಾರೆ, ನಾನು ಮೊಬೈಲಿನಲ್ಲಿ ಶೂಟ್ ಮಾಡಿ ಯೂಟ್ಯೂಬಿಗೆ ಹಾಕುತ್ತೇನೆ. ಚಾನೆಲ್ ನೋಡಿಕೊಳ್ಳಲು ಯೂಟ್ಯೂಬೇ ಕೊಡುವ ಸ್ಟುಡಿಯೋ ಬಳಸಲು ಶುರು ಮಾಡಿ ನಾಲ್ಕು ವರ್ಷವಾಯಿತು. ಕ್ಯಾಮೆರಾ, ಎಡಿಟಿಂಗ್ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಟ್ಯಾಗ್ ಮತ್ತು ವಿವರಣೆಯ ಬಗ್ಗೆ ಮಾತ್ರ ಹೇಳುತ್ತೇನೆ. ನಾವು ಪೆಟ್ಟು ತಿಂದದ್ದು ಅಲ್ಲಿಯೇ.

ಮೊದಲ ವರ್ಷ ಪರಿಚಯದವರೊಬ್ಬರು ಒಂದು ಉಪಾಯ ಹೇಳಿಕೊಟ್ಟರು. ವಿವರಣೆಯ ಕೊನೆಯಲ್ಲಿ ಜನ ಹುಡುಕುವ ಪದಗಳನ್ನೆಲ್ಲ ಸುರಿಯಬೇಕಂತೆ. ಆಟಿ ತಿಂಗಳಲ್ಲಿ ಹಾಕಿದ ಪತ್ರೊಡೆ ವಿಡಿಯೋಗೆ ಹಾಗೆಯೇ ಮಾಡಿದೆ. ಪತ್ರೊಡೆ ರೆಸಿಪಿ, ಪತ್ರೊಡೆ ಮಂಗಳೂರು ಸ್ಟೈಲ್, ಪತ್ರೊಡೆ ಉಡುಪಿ ಸ್ಟೈಲ್, ಪತ್ರೊಡೆ ಸುಲಭ ವಿಧಾನ, ಹೀಗೆ ಒಂದು ದೊಡ್ಡ ಪ್ಯಾರಾ. ಸಾಲದು ಅಂತ ಚಿಕನ್ ಘೀ ರೋಸ್ಟ್, ಬಿರಿಯಾನಿ, ನೀರ್ ದೋಸೆ ಕೂಡ ಸೇರಿಸಿದೆ. ಅಮ್ಮ ಅದನ್ನು ಓದಿ, "ಮಗಾ, ಕೆಸುವಿನ ಎಲೆಯಲ್ಲಿ ಬಿರಿಯಾನಿ ಎಲ್ಲಿಂದ ಬಂತು?" ಎಂದು ಕೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲವು ದಿನದಲ್ಲಿ ವಿಡಿಯೋ ಹೋಯಿತು. ಸ್ಪ್ಯಾಮ್ ನಿಯಮ ಮೀರಿದ್ದಕ್ಕೆ ತೆಗೆದಿದ್ದೇವೆ ಎಂಬ ಮೇಲ್ ಬಂತು. ಮೊದಲ ಸಲವಾದ್ದರಿಂದ ಎಚ್ಚರಿಕೆ ಮಾತ್ರ ಸಿಕ್ಕಿತು. ಆಮೇಲೂ ತಪ್ಪಿದರೆ ಸ್ಟ್ರೈಕ್. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ನಿಯಮ ಓದಿದರೆ ಎಲ್ಲ ಸ್ಪಷ್ಟವಾಗಿಯೇ ಇತ್ತು. ವಿವರಣೆಯಲ್ಲಿ ಟ್ಯಾಗ್‌ಗಳನ್ನು ರಾಶಿ ಹಾಕಬಾರದು ಎಂದು ಬರೆದಿದ್ದಾರೆ. ತಪ್ಪು ನನ್ನದೇ.

ಯಾಕೆ ಇಷ್ಟು ಕಟ್ಟುನಿಟ್ಟು ಎಂಬುದು ಹೀಗೆಯೇ ಪದ ಸುರಿದಿದ್ದ ನಮ್ಮ ಬೇರೆ ವಿಡಿಯೋಗಳ ಲೆಕ್ಕ ನೋಡಿದಾಗ ಅರ್ಥವಾಯಿತು. ಸ್ಟುಡಿಯೋದ `Analytics` ಒಳಗೆ ಜನ ಯಾವ ಪದ ಹುಡುಕಿ ನಮ್ಮಲ್ಲಿಗೆ ಬಂದರು, ಎಷ್ಟು ಹೊತ್ತು ನೋಡಿದರು ಎಂದು ಕಾಣುತ್ತದೆ. ಘೀ ರೋಸ್ಟ್ ಹುಡುಕಿ ಬಂದವರು ಅರ್ಧ ನಿಮಿಷವೂ ನಿಂತಿರಲಿಲ್ಲ. ನಿಲ್ಲುವುದಾದರೂ ಹೇಗೆ? ಕೋಳಿ ಬೇಕಾದವರಿಗೆ ನಾವು ಎಲೆ ತೋರಿಸಿದ್ದೆವು. ಅವರ ಸಮಯ ಹಾಳು. ಘೀ ರೋಸ್ಟ್ ನಿಜವಾಗಿ ಮಾಡಿ ತೋರಿಸಿದವರ ಜಾಗವನ್ನೂ ನಾವು ಸುಮ್ನೆ ಕಿತ್ತುಕೊಂಡ ಹಾಗೆ, ಅಲ್ವಾ? ಇನ್ನು ಪತ್ರೊಡೆ ಎಂಬ ಪದವನ್ನು ಇಪ್ಪತ್ತು ಸಲ ಬರೆದರೂ ವಿಡಿಯೋದೊಳಗೆ ಏನಿದೆ ಎಂಬುದಕ್ಕೆ ಒಂದು ಹೊಸ ಮಾಹಿತಿಯೂ ಸೇರುವುದಿಲ್ಲ.

ಟ್ಯಾಗ್ ಬಾಕ್ಸ್ ಇರುವುದು ಬೇರೆ ಕೆಲಸಕ್ಕೆ. ವಿಡಿಯೋ ಹುಡುಕಿ ಸಿಗುವುದರಲ್ಲಿ ಟ್ಯಾಗ್‌ನ ಪಾಲು ತೀರಾ ಕಡಿಮೆ, ಜನ ತಪ್ಪಾಗಿ ಟೈಪ್ ಮಾಡುವ ಹೆಸರಿಗಷ್ಟೇ ಅದು ಉಪಯೋಗ ಎಂದು ಯೂಟ್ಯೂಬೇ ಹೇಳುತ್ತದೆ. ನಮ್ಮ ಊರಿನ ತಿಂಡಿಗಳಿಗೆ ಇದು ತುಂಬಾ ಹೊಂದುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಪತ್ರೊಡೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಹೊಸದಾಗಿ ಹಾಕಿದ ವಿಡಿಯೋಗೆ ಇಷ್ಟೇ ಟ್ಯಾಗ್ ಕೊಟ್ಟೆ:

```
ಪತ್ರೊಡೆ, pathrode, patrode, patrodo
```

ಬಾಕ್ಸಿನಲ್ಲಿ 500 ಅಕ್ಷರಕ್ಕೆ ಜಾಗ ಇದೆ. ತುಂಬಿಸಲೇಬೇಕು ಅಂತೇನಿಲ್ಲ. ಹ್ಯಾಷ್‌ಟ್ಯಾಗ್ ಎರಡು ಮೂರು ಸಾಕು. 60 ದಾಟಿದರೆ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಿಜವಾದ ಕೆಲಸ ಶೀರ್ಷಿಕೆಯಲ್ಲಿ ಮತ್ತು ವಿವರಣೆಯ ಮೊದಲ ಎರಡು ಸಾಲಿನಲ್ಲಿದೆ. ಒತ್ತಿ ತೆರೆಯುವ ಮೊದಲು ಕಾಣುವುದು ಅಷ್ಟೇ. ಪತ್ರೊಡೆ ಮಾಡುವವರ ದೊಡ್ಡ ಹೆದರಿಕೆ ಗಂಟಲು ತುರಿಕೆ. ಹಾಗಾಗಿ ಶೀರ್ಷಿಕೆ "ಗಂಟಲು ತುರಿಸದ ಪತ್ರೊಡೆ" ಎಂದಾಯಿತು. ಕೆಳಗೆ ಹೀಗೆ ಬರೆದೆ: "ಕೆಸುವಿನ ಎಲೆಯ ದಪ್ಪ ನಾರು ತೆಗೆದು, ಅಕ್ಕಿ ಹಿಟ್ಟಿಗೆ ಹುಳಿ ಜಾಸ್ತಿ ಹಾಕಿ ಅಮ್ಮ ಮಾಡುವ ರೀತಿ." ಹುಳಿ, ತುರಿಕೆ, ಕೆಸು, ನಾರು ಎಲ್ಲ ಒಂದೊಂದೇ ಸಲ ಬಂತು. ಜನ ಹುಡುಕುವ ಪದಗಳೂ ಅವೇ. ಅದರ ಕೆಳಗೆ ಅಧ್ಯಾಯ ಹಾಕಿದೆ:

```
0:00 ಎಲೆ ಆರಿಸುವುದು
1:10 ಹಿಟ್ಟು ರುಬ್ಬುವುದು
3:05 ಹಚ್ಚಿ ಸುತ್ತುವುದು
5:40 ಹಬೆಯಲ್ಲಿ ಬೇಯಿಸುವುದು
```

ಮೊದಲನೆಯದು 0:00 ಆಗಿರಬೇಕು, ಕಡಿಮೆ ಎಂದರೆ ಮೂರು ಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಚಿಕ್ಕದಿರಬಾರದು. ಈಗ "ಪತ್ರೊಡೆ ತುರಿಕೆ" ಎಂದು ಹುಡುಕಿ ಬರುವವರು ರುಬ್ಬುವ ಭಾಗ ಮುಗಿಯುವ ತನಕ ಇರುತ್ತಾರೆ. ಬರುವವರ ಸಂಖ್ಯೆ ಮೊದಲ ದಿನವೇ ಏರಲಿಲ್ಲ, ಅದನ್ನು ಹೇಳಲೇಬೇಕು.

ಸ್ಟುಡಿಯೋದಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ವಿವರಣೆಯಲ್ಲಿ ಪದ ಜಾಸ್ತಿಯಾಗುತ್ತಿದೆ ಎಂದು ಅಪ್‌ಲೋಡ್ ಮಾಡುವಾಗಲೇ ಅದು ನಮಗೆ ಎಚ್ಚರಿಸಲಿಲ್ಲ. ಹಾಗಾಗಿ ಬರೆದದ್ದನ್ನು ಈಗ ಅಮ್ಮನಿಗೆ ಓದಿ ಹೇಳುತ್ತೇನೆ. ಕೇಳಲು ವಿಚಿತ್ರ ಅನಿಸಿದ ಸಾಲು ಹೋಗುತ್ತದೆ.

ಕಳೆದ ವಾರ ಮೂಡೆಯ ವಿಡಿಯೋ ಹಾಕಿದೆವು. ಕೊಟ್ಟೆ ಕಡುಬು ಹುಡುಕುವವರೂ ಬರಲಿ ಅಂತ ಆ ಹೆಸರನ್ನು ಟ್ಯಾಗಿಗೆ ಸೇರಿಸಲು ಹೊರಟಿದ್ದೆ. ಅಮ್ಮ ತಡೆದರು. ಮೂಡೆ ಕೇದಗೆ ಜಾತಿಯ ಎಲೆಯದ್ದು, ಕೊಟ್ಟೆ ಹಲಸಿನ ಎಲೆಯದ್ದು. ಟ್ಯಾಗ್ ಬಿಟ್ಟು ಆ ವ್ಯತ್ಯಾಸವನ್ನೇ ವಿವರಣೆಯಲ್ಲಿ ಒಂದು ಸಾಲು ಬರೆದೆ.