ಪನೀರಾ, ಸೋಯಾ ಚಂಕ್ಸಾ? ಜೈನ ಊಟದಲ್ಲಿ ಕೊಬ್ಬು ಇಳಿಸುವವರಿಗೆ

ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಬಿಟ್ಟರೆ ತೂಕ ತಾನಾಗಿ ಇಳಿಯಬೇಕು ಅಲ್ವಾ? ಇಳಿಯಲ್ಲ. ಈರುಳ್ಳಿ ಇಲ್ಲದ ಗ್ರೇವಿಗೆ ಗೋಡಂಬಿ, ಕೆನೆ ಸೇರುತ್ತೆ, ಆಲೂಗಡ್ಡೆ ಜಾಗಕ್ಕೆ ಕರಿದ ಬಾಳೆಕಾಯಿ ಬರುತ್ತೆ. 30 ಗ್ರಾಂ ಗೋಡಂಬಿ ಅಂದ್ರೇನೇ ಸುಮಾರು 165 ಕ್ಯಾಲರಿ.

ಈಗ ಪ್ರೋಟೀನ್. 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 26 ಗ್ರಾಂ ಪ್ರೋಟೀನ್, 170 ಕ್ಯಾಲರಿ. ಅಷ್ಟೇ ಪ್ರೋಟೀನ್ ಪನೀರಿನಿಂದ ಬೇಕಂದ್ರೆ 145 ಗ್ರಾಂ ತಿನ್ನಬೇಕು, ಕ್ಯಾಲರಿ 400ರ ಆಸುಪಾಸು ಹೋಗುತ್ತೆ, ಅದೂ ಎಣ್ಣೆ ಹಾಕೋ ಮುಂಚೆ. ಕೊಬ್ಬು ಇಳಿಸೋದೇ ಗುರಿಯಾದ್ರೆ ನನ್ನ ಆಯ್ಕೆ ಸೋಯಾ. ಬಿಸಿನೀರಲ್ಲಿ ನೆನೆಸಿ, ಎರಡು ಸಲ ಗಟ್ಟಿಯಾಗಿ ಹಿಂಡಿ, ಇಂಗು-ಜೀರಿಗೆ ಒಗ್ಗರಣೆಗೆ ಟೊಮೆಟೊ ಮತ್ತು ಬೇಯಿಸಿ ರುಬ್ಬಿದ ಸೋರೆಕಾಯಿ ಹಾಕಿ. ಗ್ರೇವಿ ದಪ್ಪಗಾಗುತ್ತೆ, ಗೋಡಂಬಿ ನೆನಪೇ ಆಗಲ್ಲ.

ಒಂದು ತೊಡಕಿದೆ. ದ್ವಿದಳ ನಿಯಮ ಪಾಲಿಸುವವರು ಕಾಯಿಸದ ಹಾಲಿನ ಮೊಸರನ್ನು ಬೇಳೆಕಾಳಿನ ಜೊತೆ ತಿನ್ನಲ್ಲ. ಸೋಯಾನೂ ಆ ಲೆಕ್ಕಕ್ಕೆ ಬರುತ್ತಾ ಅಂತ ಮನೆಯ ಹಿರಿಯರನ್ನು ಕೇಳಿ. ಬರುತ್ತೆ ಅಂದ್ರೆ ಮಧ್ಯಾಹ್ನ ಸೋಯಾ, ಸಂಜೆ ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆ ಕೆನೆ ತೆಗೆದ ಹಾಲಿನ ಪನೀರು. ಸೋಯಾ ತಿಂದ್ರೆ ಹೊಟ್ಟೆ ಉಬ್ಬರಿಸುವವರು 25 ಗ್ರಾಂನಿಂದ ಶುರು ಮಾಡಿ.